ಓವರ್‌ಡ್ರಾಫ್ಟ್ ಸ್ಟೇಟ್‌ಮೆಂಟ್‌ನಲ್ಲಿ ಮೂರು ತಾರೀಖು, ಬಡ್ಡಿ 482 ರೂಪಾಯಿ ಜಾಸ್ತಿ

ತೊಗರಿ_ಅಂಗಡಿ (ಕಲಬುರಗಿ): ನನ್ನ ಓವರ್‌ಡ್ರಾಫ್ಟ್ ಸಾಲದ ಖಾತೆಗೆ 11% ಬಡ್ಡಿ. 6 ಲಕ್ಷ ಬಾಕಿ ಇತ್ತು. ತೊಗರಿ ಮಾರಿದ 4 ಲಕ್ಷದ ಚೆಕ್ಕನ್ನು 7ನೇ ತಾರೀಖು ಶುಕ್ರವಾರ ಮಧ್ಯಾಹ್ನ ಕೌಂಟರ್‌ನಲ್ಲಿ ಕೊಟ್ಟೆ. ಚಲನ್ ಮೇಲೆ 7ರ ಸೀಲ್ ಇದೆ. ಆದರೆ ತಿಂಗಳ ಬಡ್ಡಿ ನನ್ನ ಲೆಕ್ಕಕ್ಕಿಂತ 482 ರೂಪಾಯಿ ಜಾಸ್ತಿ ಬಂದಿದೆ. ಸ್ಟೇಟ್‌ಮೆಂಟ್‌ನಲ್ಲಿ `Tran Date` 07, `Post Date` 10, `Value Date` 11. ಯಾವುದನ್ನು ನಂಬಬೇಕು?

ಶಹಾಪುರ_ಅಣ್ಣ: 10ಕ್ಕೆ ಬ್ಯಾಲೆನ್ಸ್‌ನಲ್ಲಿ ಬಂತಲ್ವಾ? ಹಾಗಿದ್ದರೆ ಬಡ್ಡಿಯೂ 10ಕ್ಕೇ ನಿಲ್ಲಬೇಕು. 8 ಎರಡನೇ ಶನಿವಾರ, 9 ಭಾನುವಾರ. ಮೂರು ದಿನದ ಬಡ್ಡಿ ಸರಿ, ನಾಲ್ಕನೆಯದು ತಪ್ಪು.

ಹಳೇ_ಕ್ಯಾಷಿಯರ್: ರಜೆಯ ಮಾತು ಸರಿ ಅಣ್ಣಾ, ಬ್ಯಾಲೆನ್ಸ್ ಮಾತು ಸರಿಯಲ್ಲ. ಪೋಸ್ಟ್ ಅಂದರೆ ಪುಸ್ತಕದಲ್ಲಿ ಬರೆದ ದಿನ, ಅಷ್ಟೇ. ಬಡ್ಡಿ ಓಡುವುದು ವ್ಯಾಲ್ಯೂ ಡೇಟ್ ಮೇಲೆ. ಬ್ಯಾಂಕಿನ ಲೆಕ್ಕ ಹೀಗೆ:

```
=400000*0.11*4/365
```

482.19 ಬರುತ್ತದೆ. 7ರಿಂದ 11ಕ್ಕೆ ನಾಲ್ಕು ದಿನ. ನೀವು 7ಕ್ಕೇ 4 ಲಕ್ಷ ಕಳೆದಿದ್ದೀರಿ, ಅದಕ್ಕೇ ವ್ಯತ್ಯಾಸ.

ಇನ್ನೊಂದು ಕಿವಿಮಾತು. ಸ್ಟೇಟ್‌ಮೆಂಟನ್ನು ಶೀಟ್‌ಗೆ ಹಾಕಿ `Value Date` ಪ್ರಕಾರ ಜೋಡಿಸಿ, ಪ್ರತಿ ದಿನದ ಬಾಕಿಯನ್ನು ಹೊಸದಾಗಿ ಕೂಡಿಸಿ. ಬ್ಯಾಂಕ್ ಮುದ್ರಿಸಿದ ಬ್ಯಾಲೆನ್ಸ್ ಕಾಲಂ ಬಳಸಬೇಡಿ, ಅದು ಪೋಸ್ಟ್ ಆದ ಕ್ರಮದಲ್ಲಿರುತ್ತದೆ. 10ರಂದು ಆ ಬ್ಯಾಲೆನ್ಸ್ ನಂಬಿ ದೊಡ್ಡ ಮೊತ್ತ ತೆಗೆದಿದ್ದರೆ, ಆ ಒಂದು ದಿನ ಇನ್ನೂ ಜಾಸ್ತಿ ಬಾಕಿಯ ಮೇಲೆ ಬಡ್ಡಿ ಬೀಳುತ್ತಿತ್ತು.

ಬೀದರ್_ಹುಡುಗಿ: ನನ್ನದೂ ಇದೇ ಗೋಳು! 18ಕ್ಕೆ ಕಾರ್ಡ್‌ನಲ್ಲಿ ಸೀರೆ ತಗೊಂಡೆ. ಬಿಲ್ 19ಕ್ಕೆ ಬಂತು, ಅದರಲ್ಲಿ ಸೀರೆ ಇಲ್ಲ. ಅಂಗಡಿಯವರು ಹಣ ತಗೊಳ್ಳಲಿಲ್ಲವೇನೋ ಅಂತ ಸುಮ್ನೆ ಖುಷಿಪಟ್ಟೆ.

ಹಳೇ_ಕ್ಯಾಷಿಯರ್: ಅಲ್ಲಮ್ಮಾ, ಅದು ಬೇರೆ ಕಥೆ. 20ಕ್ಕೆ ಪೋಸ್ಟ್ ಆಗಿರುತ್ತದೆ, ಹಾಗಾಗಿ ಮುಂದಿನ ಬಿಲ್‌ಗೆ ಹೋಗಿದೆ. ಕಟ್ಟುವ ಕೊನೆಯ ದಿನವೂ ಒಂದು ತಿಂಗಳು ಮುಂದೆ ಹೋಯಿತು. ಆದರೆ ಬಿಲ್ ಪೂರ್ತಿ ಕಟ್ಟದಿದ್ದರೆ, ಸಾಮಾನ್ಯವಾಗಿ ಬಡ್ಡಿ ಎಣಿಸುವುದು ಖರೀದಿಸಿದ 18ರಿಂದಲೇ. ಅಲ್ಲಿ ಪೋಸ್ಟ್ ಡೇಟ್ ನಿಮ್ಮ ಸಹಾಯಕ್ಕೆ ಬರುವುದಿಲ್ಲ.

ತೊಗರಿ_ಅಂಗಡಿ: ನಾನು ಬೇರೆಯವರಿಗೆ ಕೊಟ್ಟ ಚೆಕ್ ಮಾತ್ರ ಪಾಸಾದ ದಿನವೇ ಕಳೆದಿದ್ದಾರೆ. ಇದು ನ್ಯಾಯವಾ?

ಹಳೇ_ಕ್ಯಾಷಿಯರ್: ಹೋಗುವ ಹಣ ಅವತ್ತೇ ಬ್ಯಾಂಕಿನ ಕೈ ಬಿಡುತ್ತದೆ. ಬರುವ ಹಣ ಎದುರು ಬ್ಯಾಂಕಿನಿಂದ ವಸೂಲಾದ ಮೇಲೆಯೇ ನಿಮ್ಮದು. ಆದರೆ ಒಂದು ಪ್ರಶ್ನೆ ಕೇಳಲೇಬೇಕು: ಕ್ಲಿಯರಿಂಗ್‌ನಲ್ಲಿ ಹಣ ಬಂದದ್ದು 10ಕ್ಕಾ, 11ಕ್ಕಾ? 10ಕ್ಕೇ ಬಂದಿದ್ದರೆ 120 ರೂಪಾಯಿ ವಾಪಸ್ ಕೇಳಬಹುದು. ಚಲನ್ ಪ್ರತಿ ಇಟ್ಟು, ಬರವಣಿಗೆಯಲ್ಲೇ ಕೇಳಿ.

ಶಹಾಪುರ_ಅಣ್ಣ: ಅಂದರೆ ನಾನೂ ಪೂರ್ತಿ ತಪ್ಪಲ್ಲ!

ತೊಗರಿ_ಅಂಗಡಿ: ಸೋಮವಾರ ಅರ್ಜಿ ಕೊಡ್ತೀನಿ. ಮುಂದಿನ ಸಲ ದಾಲ್ ಮಿಲ್‌ನವರಿಗೆ ಚೆಕ್ ಬೇಡ, ಆರ್‌ಟಿಜಿಎಸ್ ಮಾಡಿ ಅಂತ ಹೇಳಬೇಕು. ಒಪ್ಪುತ್ತಾರೋ ಇಲ್ಲವೋ.