ಅಪ್ಪನ ನಳದ ಪತ್ರ

ಅಪ್ಪಾ: ಹಾರ್ಡ್‌ವೇರ್ ಅಂಗಡಿಗೆ ಈ ಪತ್ರ ಕಳಸೋದೈತಿ. ಎಲ್ಲಾರೂ ಒಮ್ಮೆ ಓದ್ರಿ.

«ಮಾನ್ಯರೇ, ನಾನು ಧಾರವಾಡದ ನಿವೃತ್ತ ಶಿಕ್ಷಕ. ನಮ್ಮ ಬಚ್ಚಲಮನೆಯ ನಳ ಬಂದ್ ಮಾಡಿದರೂ ಸೋರುತ್ತಿದೆ. ಹಿಡಿಕೆ ಬಿಚ್ಚಿ ಒಳಗಿನಿಂದ ತೆಗೆದ ಹಿತ್ತಾಳೆಯ ಭಾಗದ ಫೋಟೊ ಜೊತೆಗಿದೆ. ಒಟ್ಟು ಉದ್ದ 48 ಮಿ.ಮೀ. ನಳದೊಳಗೆ ಕೂಡುವ ಥ್ರೆಡ್ಡಿನ ಹೊರ ಅಳತೆ ಸುಮಾರು 21 ಮಿ.ಮೀ. ಹಿಡಿಕೆ ಕೂಡುವ ತುದಿಯಲ್ಲಿ ಸುತ್ತಲೂ 20 ಸಣ್ಣ ಹಲ್ಲುಗಳಿವೆ. ತಳದಲ್ಲಿ ಬಿಳಿ ಪಿಂಗಾಣಿ ಬಿಲ್ಲೆ, ಅದರ ಕೆಳಗೆ ಕಪ್ಪು ರಬ್ಬರ್ ಉಂಗುರ. ಕಾಲು ಸುತ್ತು ಮಾತ್ರ ತಿರುಗುತ್ತದೆ. ಇದಕ್ಕೆ ಏನೆನ್ನುತ್ತಾರೆ, ಇದೇ ಅಳತೆಯದು ತಮ್ಮಲ್ಲಿ ಸಿಗುವುದೇ, ದಯವಿಟ್ಟು ತಿಳಿಸಬೇಕಾಗಿ ವಿನಂತಿ.»

ಹುಬ್ಬಳ್ಳಿ ಕಾಕಾ: ಅಣ್ಣಾ, ಇದೇನು ಡಿಡಿಪಿಐಗೆ ಬರದ ಅರ್ಜಿ ಏನು? ಫೋಟೊ ಹಾಕಿ ‘ಇದೈತೇನ್ರಿ’ ಅಂದ್ರ ಮುಗೀತು 😄

ತಮ್ಮ: ಅಪ್ಪಾ, ಅದು ಅರ್ಧ ಇಂಚಿನ ನಳ. ಅರ್ಧ ಇಂಚು ಅಂದ್ರ 12.7 ಮಿ.ಮೀ. ನೀವು 21 ಅಂತ ಬರದೀರಿ.

ಗದಗ ಅಕ್ಕ: ಅಪ್ಪ ಬರದದ್ದು ಬರೋಬ್ಬರಿ ಐತಿ. ಅರ್ಧ ಇಂಚು ಅನ್ನೋದು ಪೈಪಿನ ಸೈಜಿನ ಹೆಸರು. ಅದರ ಥ್ರೆಡ್ ಹೊರಗಿಂದ ಅಳದ್ರ 20.95 ಮಿ.ಮೀ. ಬರತೈತಿ. ನೀ 12.7 ಅಂತ ತಿದ್ದಿಸಿದ್ರ ಅಂಗಡಿಯವನು ಬ್ಯಾರೇನ ಕೊಡತಾನ.

ಹುಬ್ಬಳ್ಳಿ ಕಾಕಾ: ಅಂವಾ ದಿನಾ ಮಾರಾಂವ, ನೋಡಿದ್ರ ಗೊತ್ತಾಗೂದಿಲ್ಲೇನು?

ಗದಗ ಅಕ್ಕ: ಜಾತಿ ಗೊತ್ತಾಗತೈತಿ ಕಾಕಾ, ಅಳತಿ ಗೊತ್ತಾಗೂದಿಲ್ಲ. ಇವು 20 ಹಲ್ಲಿನೂವು ಬರತಾವು, 24 ಹಲ್ಲಿನೂವು ಬರತಾವು. ಫೋಟೊದಾಗ ಎರಡೂ ಒಂದ. 24ರದು ತಂದ್ರ ನಮ್ಮ ಹಿಡಿಕಿ ಅದರ ಮ್ಯಾಲೆ ಕೂಡೂದ ಇಲ್ಲ. ಬಡದು ಕೂಡಿಸಿದ್ರ ಒಳಗಿನ ಹಲ್ಲು ಸವದು ಹಿಡಿಕಿ ಸುಮ್ಮನ ಗರಗರ ತಿರಗತೈತಿ. ಉದ್ದನೂ ಹಂಗ. ಗಿಡ್ಡ ಆದ್ರ ಕೆಳಗಿನ ರಬ್ಬರ್ ನಳದ ತಳಕ್ಕ ಒತ್ತೂದಿಲ್ಲ, ಹೊಸಾದು ಹಾಕಿದ್ರೂ ಸೋರತೈತಿ.

ತಮ್ಮ: ಮದಲ ಆ ರಬ್ಬರ್ ಅಷ್ಟ ಬದಲಿ ಮಾಡಿದ್ರ?

ಗದಗ ಅಕ್ಕ: ರಬ್ಬರ್ ಚಪ್ಪಟಿ ಆಗಿದ್ರ ಅಷ್ಟ ಸಾಕು. ಅಪ್ಪಾ, ಬಿಲ್ಲೆ ಮ್ಯಾಲೆ ಉಗುರು ಎಳದು ನೋಡ್ರಿ. ಗೀರು ತಾಕಿದ್ರ ಉಸುಕು ಸಿಕ್ಕು ಕೆಟ್ಟೈತಿ, ಪೂರಾ ಬದಲಿ ಮಾಡೂದ ಛಲೋ.

ಅಪ್ಪಾ: ಗೀರು ಸ್ಪಷ್ಟ ತಾಕತೈತಿ.

ಗದಗ ಅಕ್ಕ: ಹಂಗಾದ್ರ ಇನ್ನೊಂದು ಸಾಲು ಸೇರಸ್ರಿ, ಯಾವ ಕಡೆ ತಿರುವಿದ್ರ ನೀರು ಬರತೈತಿ ಅಂತ. ಬಿಸಿನೀರಿಂದು, ತಣ್ಣೀರಿಂದು ಬಹಳಷ್ಟು ಉಲ್ಟಾ ಇರತಾವು. ತಪ್ಪು ತಂದ್ರ ಹಿಡಿಕಿ ಗ್ವಾಡಿ ಕಡೆ ತಿರಗತೈತಿ.

ಅಪ್ಪಾ: «ಎಡಕ್ಕೆ, ಅಂದರೆ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ತಿರುಗಿಸಿದಾಗ ನೀರು ಬರುತ್ತದೆ.» ಸೇರಿಸಿ ಕಳಿಸೇನಿ.

ಹುಬ್ಬಳ್ಳಿ ಕಾಕಾ: ಇನ್ನ ಸಮಾಸ, ಸಂಧಿನೂ ಬಿಡಿಸಿ ಕಳಸ್ರಿ 🙏

ಅಪ್ಪಾ: ಉತ್ತರ ಬಂತು. «ನಮಸ್ಕಾರ ಸರ್. ಇದಕ್ಕ ಡಿಸ್ಕ್ ಸ್ಪಿಂಡಲ್ ಅಂತೀವ್ರಿ. 20 ಹಲ್ಲಿಂದು ಐತಿ, ಆದ್ರ ಉದ್ದ ಒಂದೆರಡು ಮಿ.ಮೀ. ಹೆಚ್ಚುಕಮ್ಮಿ ಇರತೈತಿ. ಹಳೇದು ತಗೊಂಡು ಬರ್ರಿ, ಜೋಡಿಸಿ ನೋಡಿ ಕೊಡತೇವಿ.»

ಹುಬ್ಬಳ್ಳಿ ಕಾಕಾ: ನೋಡ್ರಿ, ಕಡೀಕ ಹಳೇದು ಹಿಡಕೊಂಡು ಹೋಗೂದ ಆತಲ್ಲ!

ಗದಗ ಅಕ್ಕ: ಆತು ಕಾಕಾ, ಆದ್ರ 20 ಹಲ್ಲಿಂದು ಇಲ್ಲದ ಅಂಗಡಿಗೆ ಅಡ್ಡಾಡೂದು ತಪ್ಪಿತು. ನೀವು ನಾಳೆ ಧಾರವಾಡಕ್ಕ ಹೊಂಟೀರಲ್ಲ, ಅಪ್ಪನ್ನ ಗಾಡಿ ಮ್ಯಾಲೆ ಕರಕೊಂಡು ಹೋಗ್ರಿ. ಅಪ್ಪಾ, ಹೊಸಾದು ಕೂಡಸೂ ಮುಂದ ಮ್ಯಾಲಿನ ಟಾಕಿ ವಾಲ್ವ್ ಬಂದ್ ಇರಲಿ.