ಶಕ್ತಿಯನ್ನು ತುಂಡು ಮಾಡಿದರೂ ಅತಿನೇರಳೆ ದುರಂತ ಹೋಗುವುದಿಲ್ಲ, ಶೀಟಲ್ಲಿ ತಪ್ಪೆಲ್ಲಿ?

ಪ್ಲಸ್‌ಟು_ಬದಿಯಡ್ಕ

ಕಪ್ಪುಕಾಯ ವಿಕಿರಣದ ಗೆರೆಯನ್ನು ಸಿದ್ಧ ಸೂತ್ರದಿಂದ ಎಳೆಯುವ ಬದಲು, ಒಂದೊಂದೇ ಶಕ್ತಿಮಟ್ಟ ಕೂಡಿಸಿ ಸ್ಪ್ರೆಡ್‌ಶೀಟಲ್ಲಿ ಮಾಡ್ತಾ ಇದ್ದೇನೆ. ಉಷ್ಣತೆ 5800 ಕೆಲ್ವಿನ್. ಆಗ kT ಸರಿಸುಮಾರು 0.5 ಎಲೆಕ್ಟ್ರಾನ್ ವೋಲ್ಟ್ (ಇನ್ನು ಮುಂದೆ ಇವಿ ಅಂತ ಬರೆಯುತ್ತೇನೆ). ಶಕ್ತಿಯ ಒಂದು ತುಂಡು 0.05 ಇವಿ ಅಂತ ಇಟ್ಟೆ. n ಸೊನ್ನೆಯಿಂದ 20ರ ವರೆಗೆ. ಪ್ರತಿ ಸಾಲಿಗೂ EXP(-E/kT) ತೂಕ ಕೊಟ್ಟು ಸರಾಸರಿ ತೆಗೆದೆ.

ಉತ್ತರ 0.329 ಇವಿ ಬಂತು. ತರಂಗದೂರ 24,800 ನ್ಯಾನೋಮೀಟರ್ ಇರಲಿ, 100 ಇರಲಿ, ಅದೇ 0.329. ಅದನ್ನು ಆವೃತ್ತಿಯ ವರ್ಗದಿಂದ ಗುಣಿಸಿದರೆ ಗೆರೆ ಮೇಲೆ ಮೇಲೆ ಹೋಗ್ತದೆಯೇ ಹೊರತು ಬಾಗುವುದೇ ಇಲ್ಲ. ತುಂಡು ಮಾಡಿದ ಮೇಲೆ ದುರಂತ ತಪ್ಪಬೇಕಿತ್ತಲ್ಲ?

ಲೆಕ್ಕದಣ್ಣ_ಕುಂಬಳೆ

ಸಾಲು ಕಡಿಮೆ ಆಯ್ತು ತಂಗೀ. 20ನೇ ತುಂಡು ಅಂದ್ರೆ 1 ಇವಿ, kTಯ ಎರಡರಷ್ಟು ಮಾತ್ರ. ಅಲ್ಲಿಯ ತೂಕ ಇನ್ನೂ 0.135 ಉಂಟು, ಬಿಟ್ಟುಬಿಡುವಷ್ಟು ಸಣ್ಣದಲ್ಲ. n ಅನ್ನು 200ರ ವರೆಗೆ ಎಳೆ, ಸರಿ ಆಗ್ತದೆ.

ಪ್ಲಸ್‌ಟು_ಬದಿಯಡ್ಕ

ಎಳೆದೆ ಅಣ್ಣ. ಈಗ 0.475. ಆದರೆ ಎಲ್ಲಾ ತರಂಗದೂರಕ್ಕೂ 0.475! ಗೆರೆ ಮೊದಲಿಗಿಂತ ಇನ್ನೂ ಮೇಲೆ ಹೋಯ್ತು.

ಮಾಷ್ಟ್ರು_ಪೆರ್ಲ

ಎರಡು ತಪ್ಪು ಒಟ್ಟಿಗೆ ಇತ್ತು. ಒಂದನ್ನು ಕುಂಬಳೆಯವರು ಸರಿಯಾಗಿ ಹಿಡಿದರು. ಇನ್ನೊಂದು ದೊಡ್ಡದು, ಅದು ನಿನ್ನ ಅಂಕೆಯಲ್ಲೇ ಕಾಣುತ್ತದೆ: ಉತ್ತರ ತರಂಗದೂರದ ಜೊತೆ ಬದಲಾಗುವುದೇ ಇಲ್ಲ. ಅಂದರೆ ನಿನ್ನ ಲೆಕ್ಕದೊಳಗೆ ಆವೃತ್ತಿ ಎಲ್ಲಿಯೂ ಬಂದಿಲ್ಲ. 0.05 ಅಂತ ಕೈಯಲ್ಲಿ ಟೈಪ್ ಮಾಡಿ ಬಿಟ್ಟಿದ್ದೀ.

ತುಂಡು ಮಾಡಿದರೆ ಸಾಲದು. ತುಂಡಿನ ಅಳತೆ ಆವೃತ್ತಿಯೊಟ್ಟಿಗೆ ಬೆಳೆಯಬೇಕು, hν ಆಗಬೇಕು. kT 0.5 ಇರುವಲ್ಲಿ 0.05ರ ತುಂಡು ಎಷ್ಟು ಸಣ್ಣದೆಂದರೆ ಶಕ್ತಿ ಎಡೆಬಿಡದೆ ಹರಿದಂತೆಯೇ. ಹಾಗಾಗಿ ಸರಾಸರಿ ಹಳೆಯ ನಿಯಮದ kT, ಅಂದರೆ 0.5ರ ಹತ್ತಿರವೇ ಬಂತು. ರೇಲೀ–ಜೀನ್ಸ್ ಗೆರೆಯನ್ನೇ ಶೇಕಡಾ 5ರಷ್ಟು ಕೆಳಗೆ ಎಳೆದಿದ್ದೀ, ಅಷ್ಟೆ.

ಶೀಟನ್ನು ಹೀಗೆ ಬದಲಿಸು. A5ರಿಂದ A205ರ ವರೆಗೆ n (0ರಿಂದ 200), E1ರಲ್ಲಿ kT, E3ರಲ್ಲಿ ತರಂಗದೂರ ನ್ಯಾನೋಮೀಟರಲ್ಲಿ:

```
E2:  =1240/E3
B5:  =A5*$E$2
C5:  =EXP(-B5/$E$1)
D5:  =B5*C5
E5:  =SUM(D5:D205)/SUM(C5:C205)
```

B, C, D ಮೂರನ್ನೂ 205ನೇ ಸಾಲಿನ ತನಕ ಎಳೆ. 1240 ಎಂಬುದು hc, ಇವಿ–ನ್ಯಾನೋಮೀಟರ್ ಮಾನದಲ್ಲಿ. E3ರಲ್ಲಿ 2480 ಹಾಕಿದಾಗ ತುಂಡು ಸರಿಯಾಗಿ 0.5 ಇವಿ, kTಯಷ್ಟೇ ಆಗುತ್ತದೆ. ಆಗ C ಕಾಲಮ್ಮಿನಲ್ಲಿ 1, 0.368, 0.135, 0.050 ಅಂತ ಇಳಿಯುವುದು ಕಾಣಬೇಕು. ಕಾಣದಿದ್ದರೆ ಡಾಲರ್ ಚಿಹ್ನೆ ಎಲ್ಲೋ ತಪ್ಪಿದೆ.

ಮಂಜೇಶ್ವರ_ಅಡುಗೆಮನೆ

ವಿಕಿರಣ ಅಂತ ನೋಡಿ ಕೇಳ್ತಿದ್ದೇನೆ. ನಮ್ಮ ಗನ್ ಥರ್ಮಾಮೀಟರ್ ಕುದಿಯುವ ನೀರಿನ ಹೊಸ ಸ್ಟೀಲ್ ಪಾತ್ರೆಗೆ ಹಿಡಿದರೆ 40ರ ಆಸುಪಾಸು ತೋರಿಸ್ತದೆ. ಇದೂ ಈ ತುಂಡಿನ ಸಮಸ್ಯೆಯಾ ಮಾರಾಯ್ರೇ?

ಮಾಷ್ಟ್ರು_ಪೆರ್ಲ

ಅಲ್ಲ. ಹೊಳೆಯುವ ಸ್ಟೀಲ್ ಕಪ್ಪುಕಾಯವೇ ಅಲ್ಲ. ತನ್ನದಾಗಿ ಸ್ವಲ್ಪವೇ ವಿಕಿರಣ ಹೊರಡಿಸಿ, ಉಳಿದದ್ದು ಕೋಣೆಯ ವಿಕಿರಣವನ್ನೇ ಕನ್ನಡಿಯ ಹಾಗೆ ಹಿಂದೆ ಕಳಿಸುತ್ತದೆ. ಗನ್ ಮಾತ್ರ ಎದುರಿನದ್ದು ಹೆಚ್ಚುಕಡಿಮೆ ಕಪ್ಪು ಎಂದೇ ಲೆಕ್ಕ ಹಾಕುತ್ತದೆ. ಪಾತ್ರೆಯ ಹೊರಗೆ ಮಸಿ ಹಿಡಿದ ಜಾಗಕ್ಕೆ ಹತ್ತಿರದಿಂದ ಹಿಡಿದು ನೋಡಿ, ತುಂಬ ಮೇಲೆ ಬರುತ್ತದೆ.

ಪ್ಲಸ್‌ಟು_ಬದಿಯಡ್ಕ

ಬಂತು! 24,800 ನ್ಯಾನೋಮೀಟರಿಗೆ 0.475, 2480ಕ್ಕೆ 0.291, 500ಕ್ಕೆ 0.0175. 100ಕ್ಕೆ 2.1E-10 ಅಂತ ತೋರಿಸ್ತದೆ. ಇದು ಶೀಟಿನ ದೋಷವಾ?

ಲೆಕ್ಕದಣ್ಣ_ಕುಂಬಳೆ

ದೋಷ ಅಲ್ಲ. ಅಷ್ಟು ಸಣ್ಣ ತರಂಗದೂರದಲ್ಲಿ ಕಂಪನಗಳೇ ಇಲ್ಲ ಅಂತ ಅರ್ಥ. ಪ್ಲಾಂಕ್ ಅವನ್ನು ತೆಗೆದುಹಾಕಿದ್ದು.

ಮಾಷ್ಟ್ರು_ಪೆರ್ಲ

ಅಂಕೆ ಸರಿ, ಅರ್ಥ ಹಾಗಲ್ಲ. ಕಂಪನದ ಬಗೆಗಳನ್ನು ಯಾರೂ ತೆಗೆದಿಲ್ಲ. ಆವೃತ್ತಿಯ ವರ್ಗಕ್ಕೆ ಸರಿಯಾಗಿ ಹೆಚ್ಚುವ ಆ ಎಣಿಕೆ ರೇಲೀ–ಜೀನ್ಸ್ ಸೂತ್ರದಲ್ಲಿ ಹೇಗಿದೆಯೋ ಪ್ಲಾಂಕ್ ಸೂತ್ರದಲ್ಲೂ ಹಾಗೆಯೇ ಇದೆ. 2480ರಿಂದ 100ಕ್ಕೆ ಹೋದಾಗ ಆವೃತ್ತಿ 24.8 ಪಟ್ಟು, ಅಷ್ಟೇ ಅಗಲದ ಆವೃತ್ತಿಪಟ್ಟಿಯಲ್ಲಿ ಬಗೆಗಳು ಸುಮಾರು 615 ಪಟ್ಟು. ಅವೆಲ್ಲ ಅಲ್ಲೇ ಇವೆ, ಆದರೆ ಹೆಚ್ಚುಕಡಿಮೆ ಎಲ್ಲವೂ ಸೊನ್ನೆಯಲ್ಲಿ ಕೂತಿವೆ.

ಯಾಕೆಂದು C ಕಾಲಮ್ಮನ್ನೇ ನೋಡಿ. 100 ನ್ಯಾನೋಮೀಟರಿಗೆ ಒಂದು ತುಂಡು 12.4 ಇವಿ. ಗೋಡೆಯ ಬಿಸಿಯಿಂದ ಸರಾಸರಿಯಾಗಿ ಸಿಗುವುದು 0.5ರ ಅಳತೆಯ ಶಕ್ತಿ. ಅರ್ಧ ತುಂಡು, ಕಾಲು ತುಂಡು ತೆಗೆದುಕೊಳ್ಳುವ ಹಾಗಿಲ್ಲ. ಹಾಗಾಗಿ ಮೊದಲ ತುಂಡೇ ಸಿಗುವ ತೂಕ e⁻²⁴·⁸, ಅಂದರೆ ಸುಮಾರು ಆರು ಸಾವಿರ ಕೋಟಿಯಲ್ಲಿ ಒಂದು. 615 ಪಟ್ಟಿನ ಏರಿಕೆ ಇದರ ಎದುರು ನಿಲ್ಲುವುದಿಲ್ಲ. ಗೆರೆ ಬಾಗುವುದು ಇಲ್ಲಿ. ಹಳೆಯ ಲೆಕ್ಕದಲ್ಲಿ ಆವೃತ್ತಿ ಎಷ್ಟೇ ಇರಲಿ ಪ್ರತಿ ಬಗೆಗೂ 0.5 ಸಿಗುತ್ತಿತ್ತು, ಅದರಿಂದಲೇ ಮೊತ್ತಕ್ಕೆ ಮಿತಿ ಇಲ್ಲದಾದದ್ದು.

ಪ್ಲಸ್‌ಟು_ಬದಿಯಡ್ಕ

ಅರ್ಥ ಆಯ್ತು ಮಾಷ್ಟ್ರೇ. ಆದರೆ ತುಂಡು νಗೆ ಸರಿಯಾಗಿಯೇ ಯಾಕೆ ಬೆಳೆಯಬೇಕು? ν²ಗೆ ಸರಿಯಾಗಿ ಇಟ್ಟರೂ ಗೆರೆ ಬಾಗ್ತದಲ್ಲ?

ಮಾಷ್ಟ್ರು_ಪೆರ್ಲ

ಬಾಗುತ್ತದೆ, ಆದರೆ ತಪ್ಪು ಜಾಗದಲ್ಲಿ. ವೀನ್ 1893ರಲ್ಲೇ ತೋರಿಸಿದ್ದ ನಿಯಮ ಉಂಟು: ಉಷ್ಣತೆ ಅರ್ಧ ಆದರೆ ತರಂಗದೂರದ ಗೆರೆಯ ತುದಿ ಎರಡು ಪಟ್ಟು ದೂರಕ್ಕೆ ಸರಿಯಬೇಕು. 5800ಕ್ಕೆ 500 ನ್ಯಾನೋಮೀಟರ್ ಆದರೆ 2900ಕ್ಕೆ 1000. ಸರಾಸರಿಯಲ್ಲಿ ತುಂಡು ÷ kT ಎಂಬ ಭಾಗಾಕಾರ ಬರುತ್ತದೆ, ವೀನ್ ನಿಯಮಕ್ಕೆ ಬೇಕಾದದ್ದು ν ÷ T. ತುಂಡು hν ಆದರೆ ಮಾತ್ರ ಎರಡೂ ಹೊಂದುತ್ತವೆ. E1ಕ್ಕೆ 0.25 ಹಾಕಿ ನೀನೇ ಪರೀಕ್ಷಿಸು.

ಒಂದು ಜಾಗ್ರತೆ. 500ರಲ್ಲಿ ತುದಿ ಕಾಣಬೇಕಾದರೆ ಸರಾಸರಿಯನ್ನು λ⁴ದಿಂದ ಭಾಗಿಸಬೇಕು. ν²ದಿಂದ ಗುಣಿಸಿ ಆವೃತ್ತಿಯ ಮೇಲೆ ಗೆರೆ ಎಳೆದರೆ ತುದಿ ಸುಮಾರು 880 ನ್ಯಾನೋಮೀಟರಿಗೆ ಸರಿಯಾದ ಆವೃತ್ತಿಯಲ್ಲಿ ಬರುತ್ತದೆ. ಎರಡೂ ಸರಿ, ಪಟ್ಟಿಯ ಅಗಲ ಅಳೆಯುವ ಕ್ರಮ ಬೇರೆ.

ಇನ್ನೊಂದು. ಪುಸ್ತಕ ಓದಿದರೆ ಪ್ಲಾಂಕ್ ದುರಂತ ತಪ್ಪಿಸಲಿಕ್ಕೇ ಹೊರಟ ಹಾಗೆ ಕಾಣುತ್ತದೆ. 1900ರಲ್ಲಿ ಅವರಿಗೆ ಒತ್ತಡ ತಂದದ್ದು ಉದ್ದ ತರಂಗದೂರದ ಅಳತೆಗಳು. ರೂಬೆನ್ಸ್ ಮತ್ತು ಕುರ್ಲ್‌ಬಾಮ್ ಅಳೆದದ್ದಕ್ಕೆ ವೀನರ ಹಂಚಿಕೆ ಸೂತ್ರ ಹೊಂದಲಿಲ್ಲ. ದುರಂತ ಎಂಬ ಹೆಸರು ಎರೆನ್‌ಫೆಸ್ಟ್ ಕೊಟ್ಟದ್ದು 1911ರಲ್ಲಿ.

ಲೆಕ್ಕದಣ್ಣ_ಕುಂಬಳೆ

ನನ್ನದೊಂದು ಸಂಶಯ. ಈಗಿನ ಪಾಠದಲ್ಲಿ ಶಕ್ತಿ n·hν ಅಲ್ಲ, (n+½)hν. B5ಕ್ಕೆ ಆ ಅರ್ಧ ಸೇರಿಸಿದೆ. 100 ನ್ಯಾನೋಮೀಟರಲ್ಲಿ ಸರಾಸರಿ 6.2 ಇವಿ ಬಂತು, ಹಳೆಯ 0.5ಕ್ಕಿಂತಲೂ ಹೆಚ್ಚು. ದುರಂತ ಹಿಂದೆ ಬಂದ ಹಾಗಾಯ್ತಲ್ಲ?

ಮಾಷ್ಟ್ರು_ಪೆರ್ಲ

E1 ಬದಲಿಸಿ ನೋಡಿ, ಆ 6.2 ಅಲುಗುವುದಿಲ್ಲ. ಉಷ್ಣತೆ ಏನೇ ಇದ್ದರೂ ಅಷ್ಟೇ ಇರುವ ಶಕ್ತಿ ಬಿಸಿ ವಸ್ತುವಿನಿಂದ ತಣ್ಣನೆಯದಕ್ಕೆ ಹರಿಯುವುದಿಲ್ಲ, ಹಾಗಾಗಿ ಕುಲುಮೆಯ ಕಿಂಡಿಯಲ್ಲಿ ಅಳೆಯುವ ಗೆರೆಗೆ ಅದು ಸೇರುವುದಿಲ್ಲ. ಆದರೆ ಎಲ್ಲಾ ಬಗೆಗಳ ಆ ಅರ್ಧವನ್ನು ಕೂಡಿಸಿದ ಮೊತ್ತಕ್ಕೆ ಗುರುತ್ವ ಹೇಗೆ ಸ್ಪಂದಿಸುತ್ತದೆ ಎಂಬುದಕ್ಕೆ ಭೌತಶಾಸ್ತ್ರದಲ್ಲಿ ಇನ್ನೂ ಒಪ್ಪಿತ ಉತ್ತರ ಇಲ್ಲ.

ಪ್ಲಸ್‌ಟು_ಬದಿಯಡ್ಕ

E1ಕ್ಕೆ 0.25 ಹಾಕಿ λ⁴ದಿಂದ ಭಾಗಿಸಿದೆ. ತುದಿ 1000ದ ಸಾಲಿನಲ್ಲೇ ಬಿತ್ತು. 50ರ ಬದಲು 10 ನ್ಯಾನೋಮೀಟರಿಗೊಂದು ಸಾಲು ಹಾಕಿ ಇನ್ನೊಮ್ಮೆ ನೋಡ್ತೇನೆ.