ಮಾರಾಟಗಾರ ಕಾಣೆಯಾದ ಮೇಲೆ ಬ್ಯಾಂಕಿಗೆ ಏನನ್ನು ತೋರಿಸಬೇಕು?

ಸುಜಾತಾ: ಹೊಲಿಗೆ ಯಂತ್ರಕ್ಕೆ ಕಾರ್ಡಿನಲ್ಲಿ ಹಣ ಕಟ್ಟಿದ್ದೆ. ವಸ್ತು ಬರಲಿಲ್ಲ, ಮಾರಾಟಗಾರನ ಜಾಲತಾಣವೂ ಈಗ ಇಲ್ಲ. ಆದರೆ ಅವನು ಕೊಟ್ಟ ಟ್ರ್ಯಾಕಿಂಗ್ ಸಂಖ್ಯೆ ‘ತಲುಪಿಸಲಾಗಿದೆ’ ಎಂದು ತೋರಿಸುತ್ತಿದೆ. ನನ್ನ ಬಳಿ ರಸೀದಿಯ ಇಮೇಲ್ ಮತ್ತು ಚಾಟ್ ಮಾತ್ರ ಇವೆ. ಇಷ್ಟು ಸಾಕೇ?

ವಿನಯಾ (ಬ್ಯಾಂಕಿನ ಕಾರ್ಡ್ ವಿವಾದ ವಿಭಾಗ): ಸುಜಾತಾ ಅವರೇ, ನನಗೆ ಚಿಂತೆ ಇರುವುದು ಆ ಟ್ರ್ಯಾಕಿಂಗ್ ಸಂಖ್ಯೆಯ ಬಗ್ಗೆ. ನೀವು ದೂರು ಕೊಟ್ಟ ಮೇಲೆ ಮಾರಾಟಗಾರನಿಗೂ ಉತ್ತರಿಸಲು ಅವಕಾಶವಿರುತ್ತದೆ. ಅಂಗಡಿ ಮುಚ್ಚಿ ಹೋದವನೂ ಆ ಒಂದು ಪುಟವನ್ನು ಕಳುಹಿಸಿ ವಸ್ತು ತಲುಪಿಸಿದ್ದೇನೆಂದು ವಾದಿಸಬಲ್ಲ. ನಿಮ್ಮದೇ ಊರಿನ ಬೇರೊಂದು ವಿಳಾಸಕ್ಕೆ ಹಗುರವಾದ ಲಕೋಟೆಯನ್ನು ಕಳುಹಿಸಿ, ಅದರ ಸಂಖ್ಯೆಯನ್ನು ನಿಮಗೆ ಕೊಡುವುದು ಇಂಥವರ ಹಳೆಯ ತಂತ್ರ. ಆದ್ದರಿಂದ ಪೊಟ್ಟಣದ ತೂಕ ಎಷ್ಟಿತ್ತು, ಅದು ನಿಮ್ಮ ವಿಳಾಸಕ್ಕೇ ಬಂದಿತ್ತೇ ಎಂದು ಕೊರಿಯರ್ ಸಂಸ್ಥೆಯನ್ನು ಇಮೇಲಿನಲ್ಲಿ ಕೇಳಿ. ಬೇರೆಯವರ ವಿಳಾಸವನ್ನು ಅವರು ತಿಳಿಸದಿರಬಹುದು, ಆದರೆ ‘ನಿಮ್ಮ ವಿಳಾಸಕ್ಕೆ ಅಲ್ಲ’ ಎಂಬ ಒಂದು ಸಾಲು ಸಿಕ್ಕರೂ ಅವನ ವಾದಕ್ಕೆ ಬಲವಿರುವುದಿಲ್ಲ. ಟ್ರ್ಯಾಕಿಂಗ್ ಪುಟ ಸದಾ ಉಳಿಯುವುದಿಲ್ಲ, ಅದರ ಸ್ಕ್ರೀನ್‌ಶಾಟನ್ನು ಇಂದೇ ತೆಗೆದುಕೊಳ್ಳಿ.

ಚಾಟನ್ನು ತುಣುಕು ಮಾಡದೆ, ಅವನ ಫೋನ್ ಸಂಖ್ಯೆ ಮತ್ತು ದಿನಾಂಕಗಳು ಕಾಣುವಂತೆ ಇಡೀ ಉಳಿಸಿ. ಅದರಲ್ಲಿ ಮುಖ್ಯವಾದದ್ದು ವಸ್ತುವನ್ನು ಯಾವ ದಿನ ತಲುಪಿಸುವೆನೆಂದು ಅವನು ಹೇಳಿದ ಮಾತು. ವೀಸಾ, ಮಾಸ್ಟರ್‌ಕಾರ್ಡ್ ನಿಯಮಗಳಲ್ಲಿ ಸಾಮಾನ್ಯವಾಗಿ ಸಿಗುವ 120 ದಿನಗಳ ಗಡುವನ್ನು, ವಸ್ತು ಬಾರದ ಪ್ರಕರಣದಲ್ಲಿ, ಆ ದಿನದಿಂದ ಎಣಿಸಬಹುದು. ಅವನು ಹೇಳಿದ ದಿನ ಮೀರಿದ ಮೇಲೆ ನೀವು ಅವನನ್ನು ವಿಚಾರಿಸಿದ ಸಂದೇಶವೂ ಇರಲಿ. ಕಾರ್ಡಿನ ಸ್ಟೇಟ್‌ಮೆಂಟಿನಲ್ಲಿ ಅಂಗಡಿಯ ಹೆಸರು ಬೇರೆಯಾಗಿದ್ದರೆ, ಮೊತ್ತ ಮತ್ತು ದಿನಾಂಕದ ಮೂಲಕ ಅದನ್ನು ರಸೀದಿಗೆ ಹೊಂದಿಸಿ ಒಂದು ಸಾಲು ಬರೆಯಿರಿ.

ರಮೇಶ: ಇಷ್ಟೆಲ್ಲ ಏಕೆ ಮೇಡಂ? ‘ಈ ಪಾವತಿ ನಾನು ಮಾಡಿದ್ದಲ್ಲ’ ಎಂದು ಬರೆದರೆ ಹಣ ಬೇಗ ಬರುತ್ತದೆಂಬ ಸಂದೇಶ ಎಲ್ಲ ಗುಂಪುಗಳಲ್ಲೂ ಓಡಾಡುತ್ತಿದೆ.

ವಿನಯಾ: ದಯವಿಟ್ಟು ಅದನ್ನು ಇಲ್ಲಿಗೆ ತರಬೇಡಿ. ಅದು ಸುಳ್ಳು ಹೇಳಿಕೆ. ಸುಜಾತಾ ಅವರದೇ ಚಾಟ್ ಅದನ್ನು ಸುಳ್ಳೆಂದು ತೋರಿಸುತ್ತದೆ, ಆಮೇಲೆ ‘ವಸ್ತು ಬಂದಿಲ್ಲ’ ಎಂಬ ನಿಜವನ್ನೂ ಯಾರೂ ನಂಬುವುದಿಲ್ಲ.

ಗಿರೀಶ: ಒಟಿಪಿ ಕೊಟ್ಟ ಮೇಲೆ ಯಾವ ದೂರೂ ನಿಲ್ಲುವುದಿಲ್ಲ, ಸುಮ್ಮನೆ ಆಸೆ ಹುಟ್ಟಿಸಬೇಡಿ.

ವಿನಯಾ: ಅರ್ಧ ಸರಿ. ಪಾವತಿ ನನ್ನದಲ್ಲವೆಂಬ ದೂರಿಗೆ ಒಟಿಪಿ ಅಡ್ಡಿಯಾಗುತ್ತದೆ. ವಸ್ತು ಬರಲಿಲ್ಲವೆಂಬ ದೂರಿಗೆ ಅಲ್ಲ.

ರಮೇಶ: ಗಿರೀಶ್, ನಿಮಗೆ ತಿಳಿಯದಿದ್ದರೆ ಸುಮ್ಮನಿರಿ.

ಗಿರೀಶ: ಸುಳ್ಳು ಬರೆಯಲು ಹೇಳಿದವರು ನನಗೆ ಪಾಠ ಹೇಳಬೇಕಿಲ್ಲ.

ಲತಾ: ನಾನು ಖಾತೆಯಿಂದ ನೇರವಾಗಿ ವರ್ಗಾಯಿಸಿದ್ದೆ. ನನಗೂ ಇದೇ ದಾರಿಯೇ?

ವಿನಯಾ: ಅಲ್ಲ. ಇದು ಕಾರ್ಡಿಗೆ ಮಾತ್ರ.

ಪ್ರಕಾಶ: ಅವನು ತನ್ನ ಸಂದೇಶಗಳನ್ನು ಎರಡೂ ಕಡೆ ಅಳಿಸಿದ್ದರೆ ಏನು ಮಾಡುವುದು?

ಲತಾ: ಎಷ್ಟು ದಿನದೊಳಗೆ ದೂರು ಕೊಡಬೇಕು?

ವಿನಯಾ: ಮೇಲೆ ಬರೆದಿದ್ದೇನೆ, ಓದಿ.

ಸುಜಾತಾ: ಪೊಟ್ಟಣ ಬೇರೆ ಬೀದಿಗೆ ಹೋಗಿದೆ ಎಂದು ಕೊರಿಯರ್‌ನವರು ಫೋನಿನಲ್ಲಿ ಒಪ್ಪಿದರು. ಬರೆದು ಕೊಡಲು ಒಪ್ಪುತ್ತಿಲ್ಲ.

ವಿನಯಾ: ಯಾವಾಗ, ಯಾರು, ಏನು ಹೇಳಿದರೆಂದು ನೀವೇ ಬರೆದು ಅವರಿಗೆ ಈಗಲೇ ಇಮೇಲ್ ಮಾಡಿ. ಅದರ ಪ್ರತಿಯೊಂದಿಗೆ ಬ್ಯಾಂಕಿಗೆ ದೂರು ಸಲ್ಲಿಸಿ. ಅವರ ಉತ್ತರಕ್ಕಾಗಿ ಕಾಯಬೇಡಿ. ಬಂದರೆ ನಂತರ ಸೇರಿಸಬಹುದು.